ಹಾಲಿನ ಪರೀಕ್ಷೆಯಲ್ಲಿ ಕಂದು ರೋಗ ಕಂಡಾಗ: ಹೈನುಗಾರರೊಬ್ಬರಿಗೆ ಪಶುವೈದ್ಯರ ಪತ್ರ

ಬೆಂಗಳೂರಿನ ಸುತ್ತಮುತ್ತ ಹಸು ಸಾಕುವವರು ನನ್ನನ್ನು ಪದೇಪದೇ ಕೇಳುವುದು ಒಂದೇ ಪ್ರಶ್ನೆ: "ಡೈರಿಯವರು ನಮ್ಮ ಹಾಲಿನಲ್ಲಿ ರೋಗ ಇದೆ ಅಂದಿದ್ದಾರೆ, ಈಗ ಏನು ಮಾಡಬೇಕು?" ಹೆಸರಘಟ್ಟದ ಕಡೆಯ ಹೈನುಗಾರರೊಬ್ಬರಿಗೆ ನಾನು ಬರೆದ ಪತ್ರವನ್ನು ಅವರ ಒಪ್ಪಿಗೆ ಪಡೆದು, ಹೆಸರು ತೆಗೆದು, ಇಲ್ಲಿ ಕೊಟ್ಟಿದ್ದೇನೆ. ನಿಮ್ಮ ಕೊಟ್ಟಿಗೆಯ ಲೆಕ್ಕ ಬೇರೆ ಇರಬಹುದು, ಆದರೆ ಕೆಲಸದ ಕ್ರಮ ಇದೇ.

ಗೌಡರಿಗೆ ನಮಸ್ಕಾರಗಳು.

ನಿಮ್ಮ ಕೊಟ್ಟಿಗೆಯ 14 ರಾಸುಗಳ ಪೈಕಿ 12ರಿಂದ ತೆಗೆದ ರಕ್ತದ ವರದಿ ಬಂದಿದೆ. ಗೌರಿ, ಕೆಂಪಿ ಮತ್ತು ಚುಕ್ಕಿ ಎಂಬ ಮೂರು ಹಸುಗಳಿಗೆ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಇರುವುದು ಖಚಿತವಾಗಿದೆ. ಇದು ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. ಗಬ್ಬದ ಹಸು ಸಾಮಾನ್ಯವಾಗಿ ಐದನೇ ತಿಂಗಳಿನಿಂದ ಎಂಟನೇ ತಿಂಗಳ ನಡುವೆ ಕಂದು ಹಾಕುವುದು ಇದರ ಮುಖ್ಯ ಲಕ್ಷಣ. ರೋಗ ಮನುಷ್ಯರಿಗೂ ಅಂಟುತ್ತದೆ. ಮುಂದಿನದನ್ನು ಹಂತ ಹಂತವಾಗಿ ಬರೆದಿದ್ದೇನೆ. ಮನೆಯವರೆಲ್ಲರಿಗೂ, ಕೊಟ್ಟಿಗೆ ಕೆಲಸದವರಿಗೂ ಓದಿ ಹೇಳಿ.

1. ವರದಿಯನ್ನು ಓದಿಕೊಳ್ಳುವುದು

ಮೊದಲು ಆದದ್ದು ಹಾಲಿನ ಉಂಗುರ ಪರೀಕ್ಷೆ. ನೀವು ಕ್ಯಾನಿನಲ್ಲಿ ಕೂಡಿಸಿದ ಹಾಲಿಗೆ ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ಕಣಗಳನ್ನು ಬೆರೆಸಿ, 37 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಡುತ್ತಾರೆ. ಹಾಲಿನಲ್ಲಿ ಈ ರೋಗದ ಪ್ರತಿಕಾಯಗಳಿದ್ದರೆ, ಅಂದರೆ ರೋಗಾಣುವಿನ ವಿರುದ್ಧ ಹಸುವಿನ ದೇಹವೇ ತಯಾರಿಸಿದ ವಸ್ತುಗಳಿದ್ದರೆ, ಅವು ಆ ಕಣಗಳನ್ನು ಹಿಡಿದು ಕೆನೆಯ ಜೊತೆ ಮೇಲೆ ತರುತ್ತವೆ. ಮೇಲೆ ನೇರಳೆ ಉಂಗುರ ಕಟ್ಟಿ ಕೆಳಗಿನ ಹಾಲು ಬೆಳ್ಳಗಾದರೆ ಪರೀಕ್ಷೆ ಪಾಸಿಟಿವ್. ಈ ಪರೀಕ್ಷೆ ಹೇಳುವುದು ಇಡೀ ಮಂದೆಯ ವಿಚಾರವನ್ನು ಮಾತ್ರ, ಯಾವ ಹಸು ಎಂಬುದನ್ನಲ್ಲ. ಗಿಣ್ಣು ಹಾಲು, ಕೆಚ್ಚಲು ಬಾವು ಇರುವ ಹಸುವಿನ ಹಾಲು ಅಥವಾ ಬತ್ತುತ್ತಿರುವ ಹಸುವಿನ ಹಾಲು ಬೆರೆತಿದ್ದರೆ ರೋಗವಿಲ್ಲದಿದ್ದರೂ ಉಂಗುರ ಕಟ್ಟಬಹುದು. ಇನ್ನೊಂದು ಕಡೆ, ಹಾಲು ಕೊಡದ ಹಸುವಿನ ವಿಷಯ ಇದಕ್ಕೆ ತಿಳಿಯುವುದೇ ಇಲ್ಲ. ನಿಮ್ಮ ಚುಕ್ಕಿ ಬತ್ತಿದ ಹಸು. ಹಾಲಿನ ಪರೀಕ್ಷೆಯನ್ನೇ ನಂಬಿ ಕೂತಿದ್ದರೆ ಅವಳು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಆ ಕಾರಣಕ್ಕೇ ಪ್ರತಿ ರಾಸಿನ ರಕ್ತ ತೆಗೆದದ್ದು. ರೋಸ್ ಬೆಂಗಾಲ್ ಎಂಬ ಪರೀಕ್ಷೆಯಲ್ಲಿ ರಕ್ತದ ತಿಳಿಯನ್ನು ಗುಲಾಬಿ ಬಣ್ಣದ ದ್ರಾವಣದ ಜೊತೆ ಬೆರೆಸಿ ನಾಲ್ಕು ನಿಮಿಷ ಅಲುಗಿಸಿ ನೋಡಿದಾಗ ನಾಲ್ಕು ರಾಸುಗಳಲ್ಲಿ ಹರಳುಗಟ್ಟಿತು. ಇದು ಬೇಗ ಆಗುವ ಜರಡಿ ಪರೀಕ್ಷೆಯಾದ್ದರಿಂದ, ನಾಲ್ಕನ್ನೂ ಎಲೈಸಾ ಎಂಬ ಎರಡನೇ ಪರೀಕ್ಷೆಗೆ ಒಳಪಡಿಸಿದೆವು. ಮೂರು ಉಳಿದುಕೊಂಡವು. ನಾಲ್ಕನೆಯದು 14 ತಿಂಗಳ ಕಡಸು; ರೋಸ್ ಬೆಂಗಾಲ್‌ನಲ್ಲಿ ತೀರಾ ಸಣ್ಣಗೆ ಹರಳುಗಟ್ಟಿತ್ತು, ಎಲೈಸಾದಲ್ಲಿ ನೆಗೆಟಿವ್ ಬಂತು. ಕರುವಾಗಿದ್ದಾಗ ಅದಕ್ಕೆ ಈ ರೋಗದ ಲಸಿಕೆ ಹಾಕಿಸಿದ್ದೀರಿ. ಲಸಿಕೆಯಿಂದ ಬಂದ ಪ್ರತಿಕಾಯ ಕೆಲವು ರಾಸುಗಳಲ್ಲಿ ಬಹಳ ಕಾಲ ಉಳಿದು ಇಂಥ ಗೊಂದಲ ಮಾಡುತ್ತದೆ. ಆದ್ದರಿಂದ ಕಡಸನ್ನು ರೋಗಿ ಎಂದೂ ಬರೆದಿಲ್ಲ, ಆರೋಗ್ಯವಂತ ಎಂದೂ ಬರೆದಿಲ್ಲ.

ಎರಡು ಚಿಕ್ಕ ಕರುಗಳ ರಕ್ತ ತೆಗೆಯದಿದ್ದುದಕ್ಕೆ ಕಾರಣ, ತಾಯಿಯ ಗಿಣ್ಣಿನಿಂದ ಬಂದ ಪ್ರತಿಕಾಯ ಈ ವಯಸ್ಸಿನಲ್ಲಿ ಅವುಗಳ ಮೈಯಲ್ಲೇ ಇರುವುದರಿಂದ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ.

2. ಇವತ್ತೇ ಮೂರು ಗುಂಪು ಮಾಡಿ

ಮೊದಲ ಗುಂಪಿನಲ್ಲಿ ಗೌರಿ, ಕೆಂಪಿ, ಚುಕ್ಕಿ ಮತ್ತು ಕೆಂಪಿಯ ಮೂರು ತಿಂಗಳ ಹೆಣ್ಣು ಕರು ಇರಲಿ. ಎರಡನೆಯದರಲ್ಲಿ ಆ ಕಡಸು ಒಂದೇ. ಉಳಿದ ಒಂಬತ್ತು ರಾಸುಗಳದ್ದು ಮೂರನೇ ಗುಂಪು. ಕೆಂಪಿಯ ಕರು ಚೆನ್ನಾಗಿ ಕುಣಿದಾಡಿಕೊಂಡಿದೆ, ಅದನ್ನೇಕೆ ರೋಗದ ಗುಂಪಿಗೆ ಹಾಕಬೇಕು ಎಂದು ನೀವು ಕೇಳುತ್ತೀರಿ. ರೋಗವಿರುವ ತಾಯಿಗೆ ಹುಟ್ಟಿದ ಕರುಗಳಲ್ಲಿ ಕೆಲವು ರೋಗಾಣುವನ್ನು ಮೈಯಲ್ಲಿ ಅಡಗಿಸಿಕೊಂಡು ಬೆಳೆಯುತ್ತವೆ. ರಕ್ತ ಪರೀಕ್ಷೆಯಲ್ಲಿ ನೆಗೆಟಿವ್ ಎಂದೇ ಬರುತ್ತಿದ್ದು, ಮೊದಲ ಸಲ ಗಬ್ಬವಾಗಿ ಕಂದು ಹಾಕಿದಾಗ ಅಥವಾ ಈದಾಗಲೇ ಅದು ಹೊರಬೀಳುತ್ತದೆ. ಎಲ್ಲ ಕರುಗಳೂ ಹಾಗಲ್ಲ, ಆದರೆ ಯಾವುದು ಎಂದು ಮೊದಲೇ ತಿಳಿಯುವ ದಾರಿ ಇಲ್ಲ.

ನಿಮ್ಮ ಜಾಗದಲ್ಲಿ ಎರಡನೇ ಕೊಟ್ಟಿಗೆ ಕಟ್ಟಲು ಆಗದು ಎಂದು ನನಗೆ ಗೊತ್ತು. ಗಂಜಲದ ಕಾಲುವೆ ಯಾವ ಕಡೆ ಹರಿಯುತ್ತದೆ ಎಂಬುದನ್ನು ನೋಡಿ ಜಾಗ ಹಂಚಿ. ನಿಮ್ಮಲ್ಲಿ ಅದು ರಸ್ತೆಯ ಕಡೆಯಿಂದ ಹಿತ್ತಿಲ ಕಡೆಗೆ ಹರಿಯುತ್ತದೆ. ಆದ್ದರಿಂದ ಗೌರಿ ಮತ್ತು ಕೆಂಪಿ ಹಿತ್ತಿಲ ತುದಿಯಲ್ಲಿರಬೇಕು. ಮೇಲಿನ ತುದಿಯಲ್ಲಿ ಅವರನ್ನು ಕಟ್ಟಿದರೆ ಅವರ ಗಂಜಲ ಮತ್ತು ಸ್ರಾವ ಉಳಿದ ಹಸುಗಳ ಕಾಲಡಿಯಲ್ಲೇ ಹರಿದುಹೋಗುತ್ತದೆ. ನಡುವೆ ಎರಡು ಹಸುವಿನ ಜಾಗ ಖಾಲಿ ಬಿಟ್ಟು, ಎದೆಮಟ್ಟದ ಗೋಡೆಯನ್ನೋ ಗಟ್ಟಿ ಶೀಟನ್ನೋ ನಿಲ್ಲಿಸಿ. ಗೊಂತು ಮತ್ತು ನೀರಿನ ತೊಟ್ಟಿ ಬೇರೆಯಾಗಿರಲಿ. ಚುಕ್ಕಿಯನ್ನು ಇವರ ಜೊತೆಗೂ ಕಟ್ಟದೆ, ಹಿಂದಿನ ಹಳೆಯ ಮೇವಿನ ಶೆಡ್ಡಿಗೆ ಸಾಗಿಸಿ. ಕಾರಣವನ್ನು ನಾಲ್ಕನೇ ಹಂತದಲ್ಲಿ ಬರೆದಿದ್ದೇನೆ.

ಮೂರೂ ಹಸುಗಳ ಕಿವಿಯ ಹಳದಿ ಓಲೆಯ 12 ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೆಸರು ನಿಮಗೆ ಗೊತ್ತು, ಆದರೆ ನೀವು ಮದುವೆಗೆ ಹೋದ ದಿನ ಹಾಲು ಕರೆಯಲು ಬಂದವರಿಗೆ ಗೊತ್ತಿರುವುದಿಲ್ಲ. ಕೊಂಬಿಗೋ ಕೊರಳಿಗೋ ಕೆಂಪು ಹಗ್ಗ ಕಟ್ಟಿದರೆ ಇನ್ನೂ ಒಳ್ಳೆಯದು.

3. ಕೆಲಸದ ಕ್ರಮ

ದಿನದ ಪ್ರತಿ ಕೆಲಸವೂ ಮೂರನೇ ಗುಂಪಿನಿಂದ ಆರಂಭವಾಗಿ, ಕಡಸಿಗೆ ಬಂದು, ಮೊದಲ ಗುಂಪಿನಲ್ಲಿ ಮುಗಿಯಬೇಕು. ಮೇವು ಹಾಕುವುದು, ಸಗಣಿ ತೆಗೆಯುವುದು, ಹಾಲು ಕರೆಯುವುದು ಎಲ್ಲವೂ ಹೀಗೆಯೇ. ಒಮ್ಮೆ ಮೊದಲ ಗುಂಪಿಗೆ ಹೋದವರು ಕೈಕಾಲು ಸೋಪಿನಲ್ಲಿ ತೊಳೆದು ಬೂಟು ಬದಲಿಸದೆ ಹಿಂದಿರುಗಬಾರದು. ಆ ತುದಿಗೆ ಬೇರೆ ಬಕೆಟ್, ಬೇರೆ ಪೊರಕೆ, ಬೇರೆ ಗಮ್‌ಬೂಟು ಇಡಿ. ಹಾಲು ಕರೆಯುವ ಯಂತ್ರ ಒಂದೇ ಇರುವುದರಿಂದ ಗೌರಿ ಮತ್ತು ಕೆಂಪಿಯನ್ನು ಕೊನೆಯಲ್ಲಿ ಬೇರೆ ಪಾತ್ರೆಗೆ ಕರೆದು, ಯಂತ್ರವನ್ನು ಬಿಸಿನೀರು ಮತ್ತು ತೊಳೆಯುವ ದ್ರಾವಣದಿಂದ ಪೂರ್ತಿ ತೊಳೆಯಿರಿ.

ಇಲ್ಲಿ ಹೆಚ್ಚಿನವರು ಎಡವುವುದು ನೀರಿನ ಪೈಪಿನಲ್ಲಿ. ರೋಗದ ಹಸು ನಿಂತ ನೆಲವನ್ನು ಜೋರು ನೀರು ಹಾಯಿಸಿ ತೊಳೆದರೆ ರೋಗಾಣು ತುಂತುರಾಗಿ ಗಾಳಿಗೆ ಎದ್ದು, ತೊಳೆಯುವವರ ಮೂಗು, ಕಣ್ಣಿಗೆ ಸೇರುತ್ತದೆ. ಮೊದಲು ಸಗಣಿ ಬಳಿದು ತೆಗೆದು, ಆಮೇಲೆ ನೀರನ್ನು ಮೆಲ್ಲಗೆ ಸುರಿಯಿರಿ.

4. ಈಯುವ ಕಾಲ: ಇಡೀ ಪ್ರತ್ಯೇಕವಾಸ ನಿಂತಿರುವುದು ಇದರ ಮೇಲೆ

ಕಾಲುಬಾಯಿ ಜ್ವರದಲ್ಲಿ ನೀವು ನೋಡಿರುವಂತೆ, ಇಷ್ಟು ದಿನ ಬೇರೆ ಕಟ್ಟಿ ಆಮೇಲೆ ಬಿಟ್ಟುಬಿಡುವ ರೋಗ ಇದಲ್ಲ. ಹತ್ತಿದ ಹಸು ಸಾಮಾನ್ಯವಾಗಿ ಜೀವನಪೂರ್ತಿ ರೋಗಾಣುವನ್ನು ಇಟ್ಟುಕೊಂಡಿರುತ್ತದೆ. ಆದರೆ ವರ್ಷವಿಡೀ ಒಂದೇ ಸಮನೆ ಅಪಾಯಕಾರಿಯಾಗಿರುವುದಿಲ್ಲ. ಹಾಲಿನಲ್ಲಿ ಆಗಾಗ ಸ್ವಲ್ಪ ಹೊರಬೀಳುತ್ತಿದ್ದರೂ, ರೋಗಾಣು ಲೆಕ್ಕವಿಲ್ಲದಷ್ಟು ಹೊರಬರುವುದು ಕಂದು ಹಾಕಿದಾಗ ಅಥವಾ ಈದಾಗ. ಬರುವುದು ಕಂದಿನ ಮೈ, ನೀರು, ಕಸ, ಅಂದರೆ ಮಾಸು, ಮತ್ತು ಆ ಬಳಿಕ ಕೆಲವು ವಾರ ಇಳಿಯುವ ಸ್ರಾವದಲ್ಲಿ. ಪಕ್ಕದ ಹಸು ಅದನ್ನು ನೆಕ್ಕುತ್ತದೆ, ಅಥವಾ ಅದು ತಾಗಿದ ಮೇವು ತಿನ್ನುತ್ತದೆ, ರೋಗ ಹರಡುತ್ತದೆ. ಹಾಗಾಗಿ ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದದ್ದು ಹಸುಗಳ ಗಬ್ಬದ ತಿಂಗಳುಗಳನ್ನು.

ಆ ಲೆಕ್ಕದಲ್ಲಿ ಮೂವರನ್ನೂ ನೋಡಿ. ಕೆಂಪಿ ಈದು ಮೂರು ತಿಂಗಳಾಗಿದೆ, ಸ್ರಾವ ನಿಂತಿದೆ, ಈಗ ಗಬ್ಬವಿಲ್ಲ. ಗೌರಿ ಕಳೆದ ಸೂಲಿನಲ್ಲಿ ಏಳನೇ ತಿಂಗಳಿಗೆ ಕಂದು ಹಾಕಿದವಳು, ಈಗ ನಾಲ್ಕು ತಿಂಗಳ ಗಬ್ಬ. ಚುಕ್ಕಿ ಒಮ್ಮೆಯೂ ಕಂದು ಹಾಕಿಲ್ಲ, ಮೈತುಂಬಿಕೊಂಡಿದ್ದಾಳೆ, ಮೇವು ಚೆನ್ನಾಗಿ ತಿನ್ನುತ್ತಾಳೆ. ಆರೂವರೆ ತಿಂಗಳ ಗಬ್ಬ. ನೀವು ಗೌರಿಗೆ ಹೆದರುತ್ತಿದ್ದೀರಿ, ಆದರೆ ಈ ಹೊತ್ತಿಗೆ ನಿಮ್ಮ ಕೊಟ್ಟಿಗೆಯಲ್ಲಿ ಅತ್ಯಂತ ಅಪಾಯಕಾರಿ ಚುಕ್ಕಿಯೇ. ಅವಳು ಯಾವ ದಿನ ಬೇಕಾದರೂ ಕಂದು ಹಾಕಬಹುದು. ದಿನ ತುಂಬಿ ಆರೋಗ್ಯವಾದ ಕರುವನ್ನೇ ಹಾಕಲೂಬಹುದು, ಆಗಲೂ ಕಸದಲ್ಲಿ ರೋಗಾಣು ಇದ್ದೇ ಇರುತ್ತದೆ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಸರಿಯಾಗಿ ಈಯುವುದು ಈ ರೋಗದಲ್ಲಿ ಸಾಮಾನ್ಯ. "ಈ ಸಲ ಸರಿಯಾಗಿ ಈದಿದೆ, ವಾಸಿಯಾಯಿತು" ಎಂದು ಜನ ನಂಬುವುದು ಇದರಿಂದಲೇ, ಮಂದೆಗೆಲ್ಲ ಹಬ್ಬುವುದೂ ಇದರಿಂದಲೇ.

ಚುಕ್ಕಿಯ ಶೆಡ್ಡಿನ ನೆಲಕ್ಕೆ ಒಣ ಹುಲ್ಲು ಹಾಸಿ, ಬಾಗಿಲಿಗೆ ನಾಯಿ ನುಗ್ಗದಂತೆ ಜಾಲರಿ ಹಾಕಿ. ನಮ್ಮ ಕಡೆ ಬೀದಿನಾಯಿಗಳು ಕಸ ಎಳೆದೊಯ್ದು ಮೂರು ಮನೆ ಆಚೆಯ ಕೊಟ್ಟಿಗೆಯ ಮುಂದೆ ಬಿಟ್ಟುಹೋಗುವುದು ಹೊಸದೇನಲ್ಲ. ಶೆಡ್ಡಿನ ಹಿಂದೆ, ಕೊಳವೆಬಾವಿಯಿಂದ ದೂರದಲ್ಲಿ, ಆರು ಅಡಿ ಆಳದ ಗುಂಡಿಯನ್ನು ಈಗಲೇ ತೋಡಿಸಿ. ಕಂದು ಬಿದ್ದ ರಾತ್ರಿ ಗುದ್ದಲಿ ಹುಡುಕಲು ಹೋದವರು ಅದನ್ನು ತಿಪ್ಪೆಗೆ ಎಸೆದು ಮಲಗುತ್ತಾರೆ. ಎರಡು ಚೀಲ ಸುಟ್ಟ ಸುಣ್ಣ, ಬ್ಲೀಚಿಂಗ್ ಪುಡಿ, ದಪ್ಪ ಪ್ಲಾಸ್ಟಿಕ್ ಚೀಲ, ಮೊಣಕೈವರೆಗಿನ ಕೈಗವಸು, ಮಾಸ್ಕ್ ಮತ್ತು ಕಣ್ಣಿಗೆ ಕನ್ನಡಕ ಅಲ್ಲೇ ಇರಲಿ.

ಕಂದು ಬಿದ್ದರೆ ಅಥವಾ ಈದರೆ ಮಾಡಬೇಕಾದದ್ದು ಹೀಗೆ. ಮೊದಲು ನನಗೆ ಫೋನ್ ಮಾಡಿ. ಕೈಗವಸು, ಮಾಸ್ಕ್, ಕನ್ನಡಕ, ಬೂಟು ಹಾಕಿಕೊಂಡ ಒಬ್ಬರು ಮಾತ್ರ ಒಳಗೆ ಹೋಗಲಿ. ಕಂದು ಬಿದ್ದಿದ್ದರೆ ಅದನ್ನು ಮತ್ತು ಕಸವನ್ನು ತೊಳೆಯದೆ ಜೋಡಿ ಚೀಲದಲ್ಲಿ ಕಟ್ಟಿಡಿ; ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳುಹಿಸಬೇಕಾದ ಮಾದರಿಯನ್ನು ನಾನೇ ಬಂದು ತೆಗೆಯುತ್ತೇನೆ. ಆಮೇಲೆ ಉಳಿದದ್ದನ್ನು ಚೀಲದಿಂದ ಗುಂಡಿಗೆ ಸುರಿದು, ಮೇಲೆ ಸುಣ್ಣ ಹಾಕಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿ. ಖಾಲಿ ಚೀಲ ಮತ್ತು ನೆನೆದ ಹುಲ್ಲನ್ನು ಸುಡಿ. ಕಸ ಬೀಳದೆ ನಿಂತರೆ ಕೈ ಹಾಕಿ ಎಳೆಯಬೇಡಿ, ಎಳೆಯಲು ಊರಿನ ಯಾರನ್ನೂ ಕರೆಸಬೇಡಿ. ಈ ರೋಗ ಮನುಷ್ಯರಿಗೆ ಹತ್ತುವುದರಲ್ಲಿ ಬರಿಗೈಯಲ್ಲಿ ಕಸ ತೆಗೆಯುವುದು ಮುಖ್ಯ ದಾರಿಗಳಲ್ಲೊಂದು.

ನೆಲವನ್ನು ಬಳಿದು, ಸೋಪುನೀರಿನಲ್ಲಿ ತೊಳೆದ ಮೇಲೆಯೇ ಬ್ಲೀಚಿಂಗ್ ದ್ರಾವಣ ಹಾಕಿ. ರಕ್ತ, ಸಗಣಿಯ ಮೇಲೆ ಸುರಿದ ಬ್ಲೀಚಿಂಗ್ ಪುಡಿಯ ಶಕ್ತಿ ಅಲ್ಲೇ ಖರ್ಚಾಗಿಹೋಗುತ್ತದೆ. 10 ಲೀಟರ್ ನೀರಿಗೆ ಸುಮಾರು 350 ಗ್ರಾಂ ಹೊಸ ಪುಡಿ ಕಲಸಿ, ನೆಲದ ಮೇಲೆ ಅರ್ಧ ಗಂಟೆ ನಿಲ್ಲಿಸಿ. ಡಬ್ಬಿ ತೆರೆದಾಗ ಘಾಟು ಬರದ ಹಳೆಯ ಪುಡಿಯಿಂದ ಪ್ರಯೋಜನವಿಲ್ಲ. ಇದಕ್ಕೆ ಫಿನೈಲನ್ನೂ ಆಸಿಡ್ಡನ್ನೂ ಬೆರೆಸಬೇಡಿ; ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಶೆಡ್ಡಿನ ಮೇಲಿನ ಒಂದೆರಡು ಶೀಟು ಸರಿಸಿ ಬಿಸಿಲು ಬೀಳುವಂತೆ ಮಾಡಿ. ಈ ರೋಗಾಣು ನೇರ ಬಿಸಿಲಿಗೆ ಕೆಲವು ಗಂಟೆಗಳಲ್ಲಿ ಸಾಯುತ್ತದೆ, ಆದರೆ ತೇವ ಮತ್ತು ನೆರಳು ಇದ್ದರೆ ತಿಂಗಳುಗಟ್ಟಲೆ ಬದುಕುತ್ತದೆ.

ಚುಕ್ಕಿ ಈದ ಮೇಲೆ ಕನಿಷ್ಠ ಒಂದು ತಿಂಗಳು, ಸ್ರಾವ ಪೂರ್ತಿ ನಿಲ್ಲುವವರೆಗೆ, ಅದೇ ಶೆಡ್ಡಿನಲ್ಲಿರಬೇಕು. ಆಮೇಲೆ ಗೌರಿ ಮತ್ತು ಕೆಂಪಿಯ ಬಳಿಗೆ ತರಬಹುದು. ಐದನೇ ತಿಂಗಳು ತುಂಬುವ ಮೊದಲೇ ಗೌರಿಗೂ ಇಂಥದ್ದೇ ಪ್ರತ್ಯೇಕ ಜಾಗ ಬೇಕಾಗುತ್ತದೆ, ಅದನ್ನು ಈಗಲೇ ಯೋಚಿಸಿ. ಕೆಂಪಿಯ ವಿಷಯದಲ್ಲಿ ನನ್ನ ಸಲಹೆ ಬೇರೆ: ಬೆದೆಗೆ ಬಂದರೂ ಅವಳಿಗೆ ಗರ್ಭಧಾರಣೆ ಮಾಡಿಸಬೇಡಿ. ಗಬ್ಬವಿಲ್ಲದ ಹಸುವಿಗೆ ಈಯುವ ಗಂಡಾಂತರವೇ ಇಲ್ಲ. ಈ ಸೂಲಿನ ಹಾಲನ್ನು ಎಷ್ಟು ದಿನ ಕೊಡುತ್ತಾಳೋ ಅಷ್ಟು ದಿನ ಕರೆದುಕೊಳ್ಳಿ. ಆದಾಯದ ಲೆಕ್ಕದಲ್ಲಿ ಇದು ನಷ್ಟವೇ, ಆದರೆ ಮತ್ತೊಂದು ಸಲ ಕಸ ಬೀಳುವುದಕ್ಕಿಂತ ಚಿಕ್ಕ ನಷ್ಟ.

5. ಹಾಲು

ಕುದಿಸಿದ ಹಾಲಿನಲ್ಲಿ ಈ ರೋಗಾಣು ಉಳಿಯುವುದಿಲ್ಲ. ಡೈರಿಯಲ್ಲಿ ಮಾಡುವ ಪಾಶ್ಚರೀಕರಣದಲ್ಲಿ, ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುವುದರಲ್ಲಿಯೂ, ಸಾಯುತ್ತದೆ. ಅಪಾಯವಿರುವುದು ನೀವು ಬಡಾವಣೆಯ ಆರು ಮನೆಗಳಿಗೆ ವರ್ತನೆಗೆ ಹಾಕುವ ಹಸಿ ಹಾಲಿನಲ್ಲಿ. ಗೌರಿ ಮತ್ತು ಕೆಂಪಿಯ ಹಾಲು ಅದಕ್ಕೆ ಒಂದು ತೊಟ್ಟೂ ಸೇರಕೂಡದು. ಮೂರನೇ ಗುಂಪಿನ ಹಾಲನ್ನೇ ಕೊಡುತ್ತಿದ್ದರೂ, ಪರೀಕ್ಷೆಗಳು ಮುಗಿಯುವವರೆಗೆ ಚೆನ್ನಾಗಿ ಕುದಿಸಿ ಬಳಸಬೇಕೆಂದು ಆ ಮನೆಗಳಿಗೆ ಹೇಳಿ. ಸಂಘದ ಕಾರ್ಯದರ್ಶಿಗೆ ವಿಷಯ ತಿಳಿಸಿ. ಎರಡು ಹಸುಗಳ ಹಾಲನ್ನು ಏನು ಮಾಡಬೇಕು ಎಂಬುದನ್ನು ಅವರು ಮತ್ತು ಒಕ್ಕೂಟದ ಪಶುವೈದ್ಯರು ಹೇಳುವವರೆಗೆ ಅದನ್ನು ಕ್ಯಾನಿಗೆ ಸುರಿಯಬೇಡಿ. ಕರುಗಳಿಗೂ ಈ ಹಾಲನ್ನು ಹಸಿಯಾಗಿ ಕುಡಿಸಬೇಡಿ. ಚುಕ್ಕಿಗೆ ಹುಟ್ಟುವ ಕರುವನ್ನು ಕೂಡಲೇ ಬೇರೆ ಮಾಡಿ, ನೆಗೆಟಿವ್ ಹಸುವಿನ ಗಿಣ್ಣು ಸಿಕ್ಕರೆ ಅದನ್ನೇ ಕುಡಿಸಿ, ಆಮೇಲೆ ಕೆಂಪಿಯ ಕರುವಿನ ಜೊತೆ ಸಾಕಿ.

6. ಮನೆಯವರು

ಗೌರಿ ಕಂದು ಹಾಕಿದಾಗ ಕಸ ತೆಗೆದವರು ನಿಮ್ಮ ಮಗ ಮತ್ತು ಕೆಲಸದ ಹುಡುಗ ಎಂದಿರಿ. ಇಬ್ಬರೂ ವೈದ್ಯರನ್ನು ಕಾಣಲಿ. ಸಂಜೆಗೆ ಏರಿ ಇಳಿಯುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ಗಂಡಸರಲ್ಲಿ ವೃಷಣದ ಬಾವು ಇದರ ಲಕ್ಷಣಗಳು. ರೋಗಾಣು ಸೇರಿ ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ ಕಾಣಿಸುತ್ತವೆ. ನಗರದ ಆಸ್ಪತ್ರೆಯಲ್ಲಿ ಇಂಥ ಜ್ವರಕ್ಕೆ ಮೊದಲು ಟೈಫಾಯ್ಡ್ ಎಂಬ ಅನುಮಾನ ಬರುವುದು ಸಹಜ. "ನಮ್ಮ ಹಸುಗಳಿಗೆ ಬ್ರುಸೆಲ್ಲಾ ಇದೆ, ಕಸ ಮುಟ್ಟಿದ್ದೇನೆ" ಎಂದು ನೀವೇ ಹೇಳಬೇಕು, ಹೇಳಿದರೆ ಸರಿಯಾದ ರಕ್ತ ಪರೀಕ್ಷೆ ಬರೆಯುತ್ತಾರೆ. ಮನುಷ್ಯರಲ್ಲಿ ಇದಕ್ಕೆ ಚಿಕಿತ್ಸೆ ಇದೆ, ಆದರೆ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಆರು ವಾರ ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ. ನಿಮ್ಮ ಸೊಸೆ ಗರ್ಭಿಣಿಯಾದ್ದರಿಂದ ಮೊದಲ ಗುಂಪಿನ ಕಡೆಗೆ ಹೋಗುವುದೇ ಬೇಡ.

7. ಮಾರುವುದು, ಕೊಳ್ಳುವುದು, ಮದ್ದು ಹಾಕಿಸುವುದು

ಸುದ್ದಿ ತಿಳಿದ ದಲ್ಲಾಳಿ ನನಗಿಂತ ಮೊದಲೇ ನಿಮ್ಮ ಬಾಗಿಲಿಗೆ ಬಂದಿರುತ್ತಾನೆ. ಮೂರು ಹಸುಗಳನ್ನೂ ಆ ಕರುವನ್ನೂ ಮಾರಬೇಡಿ, ಸಂತೆಗೆ ಹೊಡೆಯಬೇಡಿ, ನೆಂಟರಿಗೆ ಸಾಕಲು ಕೊಡಬೇಡಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗೆ 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವೂ ಇದೆ. ರೋಗವನ್ನು ವರದಿ ಮಾಡುವುದು, ರಾಸನ್ನು ಬೇರೆ ಇಡುವುದು ಮಾಲೀಕರ ಕರ್ತವ್ಯ. ವರದಿಯನ್ನು ನಾನು ಇಲಾಖೆಗೆ ಕಳುಹಿಸಿದ್ದೇನೆ. ಹಲವು ದೇಶಗಳಲ್ಲಿ ರೋಗದ ಹಸುಗಳನ್ನು ವಧೆ ಮಾಡಿ ಮಂದೆಯನ್ನು ಶುದ್ಧ ಮಾಡುತ್ತಾರೆ. ನಮ್ಮ ರಾಜ್ಯದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಇರುವುದರಿಂದ ಅದನ್ನು ನಿಮ್ಮ ಮುಂದಿನ ದಾರಿಯೆಂದು ಎಣಿಸಬೇಡಿ. ಉಳಿದಿರುವುದು ಬೇರೆ ಇಟ್ಟು ಸಾಕುವುದು, ಅಥವಾ ರೋಗದ ವಿಷಯ ತಿಳಿದೂ, ಬೇರೆ ಇಡುವ ವ್ಯವಸ್ಥೆಯಿಟ್ಟುಕೊಂಡು ಒಪ್ಪಿಕೊಳ್ಳುವ ಗೋಶಾಲೆಯನ್ನು ಇಲಾಖೆಯ ಮೂಲಕ ಹುಡುಕುವುದು.

ಇಂಜೆಕ್ಷನ್‌ನಿಂದ ವಾಸಿ ಮಾಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ರೋಗಾಣು ಹಸುವಿನ ಜೀವಕೋಶಗಳ ಒಳಗೇ ಅಡಗಿರುವುದರಿಂದ ಆಂಟಿಬಯೋಟಿಕ್ ಅದನ್ನು ಪೂರ್ತಿ ತೆಗೆಯುವುದಿಲ್ಲ. ಹಾಲಿನಲ್ಲಿ ಮದ್ದಿನ ಅಂಶ ಉಳಿಯುವುದಷ್ಟೇ ಆಗುವ ಲಾಭ. ಲಸಿಕೆಯೂ ದೊಡ್ಡ ಹಸುಗಳಿಗಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಂದೇ ಸಲ ಇದನ್ನು ಹಾಕುತ್ತಾರೆ. ಇದು ಜೀವಂತ ಲಸಿಕೆ. ಗಬ್ಬದ ಹಸುವಿಗೆ ಹಾಕಿದರೆ ಲಸಿಕೆಯಿಂದಲೇ ಕಂದು ಬೀಳಬಹುದು. ಮೂರನೇ ಗುಂಪಿನ ಕರುವಿಗೆ ನಾಲ್ಕು ತಿಂಗಳು ತುಂಬಿದ ಕೂಡಲೇ ಹಾಕಿಸೋಣ. ಕೆಂಪಿಯ ಕರುವಿಗೂ ಹಾಕಬಹುದು, ಆದರೆ ಮೈಯಲ್ಲಿ ಆಗಲೇ ಸೇರಿರುವ ರೋಗಾಣುವನ್ನು ಅದು ತೆಗೆಯದು.

ಹೊಸ ಹಸು ಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಮುಂದೆ ಕೊಳ್ಳುವಾಗ ಗಬ್ಬದ ಹಸುವನ್ನು ರಕ್ತ ಪರೀಕ್ಷೆಯಿಲ್ಲದೆ ಮನೆಗೆ ತರಬೇಡಿ. ಎರಡು ವರ್ಷದ ಹಿಂದೆ ಸಂತೆಯಿಂದ ಬಂದ ಕೆಂಪಿಯಿಂದಲೇ ಇದು ಶುರುವಾಗಿರಬಹುದು ಎಂಬುದು ನನ್ನ ಅನುಮಾನ, ಆದರೆ ಅದನ್ನು ಸಾಬೀತು ಮಾಡಲು ಆಗದು.

8. ಮರುಪರೀಕ್ಷೆ

ಈಗ ನೆಗೆಟಿವ್ ಬಂದ ಹಸುಗಳೆಲ್ಲ ಆರೋಗ್ಯವಾಗಿವೆ ಎಂದು ತಿಳಿಯಬೇಡಿ. ಇತ್ತೀಚೆಗೆ ರೋಗ ಸೇರಿದ ಹಸುವಿನ ರಕ್ತದಲ್ಲಿ ಪ್ರತಿಕಾಯ ಕಾಣಲು ವಾರಗಳು ಬೇಕು. ಗಬ್ಬದ ಹಸುವಿನಲ್ಲಿ ಕೆಲವೊಮ್ಮೆ ಈದ ಮೇಲೆಯೇ ಕಾಣುತ್ತದೆ. ಆದ್ದರಿಂದ ಮೂರನೇ ಗುಂಪಿನ ದೊಡ್ಡ ರಾಸುಗಳ ಮತ್ತು ಆ ಕಡಸಿನ ರಕ್ತವನ್ನು ಒಂದೂವರೆ ತಿಂಗಳಿಗೊಮ್ಮೆ ತೆಗೆಯುತ್ತೇನೆ. ಯಾವುದಾದರೂ ಪಾಸಿಟಿವ್ ಬಂದರೆ ಅದು ಅದೇ ದಿನ ಮೊದಲ ಗುಂಪಿಗೆ ಹೋಗುತ್ತದೆ, ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಗುಂಪಿಗೆ ಗುಂಪೇ ಎರಡು ಸಲ ಸತತವಾಗಿ ನೆಗೆಟಿವ್ ಬಂದ ಮೇಲೆ ಆರು ತಿಂಗಳ ಅಂತರಕ್ಕೆ ಹೋಗೋಣ. ಇದರ ಜೊತೆಗೆ, ಆ ಗುಂಪಿನ ಯಾವ ಹಸು ಈದರೂ ಮೂರು ವಾರದ ಮೇಲೆ ಅದರ ರಕ್ತವನ್ನು ಪ್ರತ್ಯೇಕವಾಗಿ ನೋಡಬೇಕು. ಬತ್ತಿದ ಇನ್ನೊಂದು ಹಸು ಮುಂದಿನ ತಿಂಗಳು ಈಯಲಿದೆ. ಅದು ಈಗ ನೆಗೆಟಿವ್ ಆಗಿದ್ದರೂ ಅದರ ಕಸವನ್ನು ಕೈಗವಸಿನಲ್ಲೇ ತೆಗೆದು ಗುಂಡಿಗೆ ಹಾಕಿ.

ಬರುವ ಸೋಮವಾರ ಬೆಳಗಿನ ಹಾಲು ಕರೆದ ಮೇಲೆ ಬರುತ್ತೇನೆ. ಅಷ್ಟರಲ್ಲಿ ಚುಕ್ಕಿ ಶೆಡ್ಡಿಗೆ ಹೋಗಿರಲಿ, ಗುಂಡಿ ತೋಡಿರಲಿ, ಪ್ರತಿ ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನಾಂಕಗಳನ್ನು ಓಲೆಯ ಸಂಖ್ಯೆಯ ಮುಂದೆ ಬರೆದಿಟ್ಟಿರಿ. ಅದರ ಮುಂಚೆ ಚುಕ್ಕಿಯ ಕೆಚ್ಚಲು ಇದ್ದಕ್ಕಿದ್ದಂತೆ ಊದಿದರೆ, ಬಾಲದ ಬುಡದ ಎರಡೂ ಬದಿ ಕುಸಿದರೆ ಅಥವಾ ಹಿಂದಿನಿಂದ ಕೆಂಪು ಮಿಶ್ರಿತ ಲೋಳೆ ಇಳಿದರೆ, ಸೋಮವಾರಕ್ಕೆ ಕಾಯದೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ.

ಇಂತಿ,
ನಿಮ್ಮ ಪಶುವೈದ್ಯ